ಒಂದು ಪ್ಯಾರಾದಿಂದ ಐದು ಪ್ರಶ್ನೆ: ಸತ್ಯಶೋಧಕ ಸಮಾಜದ ಪಾಠವನ್ನು ಬಿಚ್ಚಿ ಜೋಡಿಸಿದ್ದು

ಸಮಾಜ ಸುಧಾರಣಾ ಚಳವಳಿಗಳ ಪಾಠದಲ್ಲಿ ಸತ್ಯಶೋಧಕ ಸಮಾಜಕ್ಕೆ ಸಿಗುವುದು ಸಾಮಾನ್ಯವಾಗಿ ಒಂದೇ ಪ್ಯಾರಾ. ಅದರ ಮೇಲೆ ಬರುವ ಪ್ರಶ್ನೆಗಳೂ ಎರಡೇ ಥರ. ಒಂದು, "ಸ್ಥಾಪಕರು ಯಾರು?" ಇನ್ನೊಂದು, "ಟಿಪ್ಪಣಿ ಬರೆಯಿರಿ." ಮೊದಲನೆಯದಕ್ಕೆ ಹೆಸರು ಗೊತ್ತಿದ್ದರೆ ಸಾಕು. ಎರಡನೆಯದಕ್ಕೆ ಪ್ಯಾರಾ ಪೂರ್ತಿ ಬಾಯಿಪಾಠ ಇದ್ದರೆ ಸಾಕು. ಎರಡರಲ್ಲೂ ಯೋಚನೆ ಮಾಡುವ ಕೆಲಸ ಇಲ್ಲ. ಈ ಎರಡರ ನಡುವೆ ಮತ್ತು ಇವುಗಳ ಆಚೆ ಏನು ಕೇಳಬಹುದು ಅಂತ ನೋಡಲು ಕೂತೆ. ಒಂದೇ ಪ್ಯಾರಾ, ಐದು ಪ್ರಶ್ನೆ, ಮೆಟ್ಟಿಲು ಮೆಟ್ಟಿಲಾಗಿ ಕಷ್ಟ ಏರಬೇಕು. ಅಂಕಗಳು 1, 2, 3, 4, 5. ಒಟ್ಟು 15.

ಕೆಲಸಕ್ಕೆ ಇಟ್ಟುಕೊಂಡ ಪ್ಯಾರಾ ಇದು. ಪಠ್ಯಪುಸ್ತಕದ ಧಾಟಿಯಲ್ಲೇ ನಾನೇ ಬರೆದುಕೊಂಡೆ. ವಾಕ್ಯಗಳಿಗೆ ನಂಬರ್ ಹಾಕಿದ್ದೇನೆ, ಮುಂದೆ ಇದು ತುಂಬಾ ಉಪಯೋಗಕ್ಕೆ ಬರುತ್ತದೆ.

(1) 1873ರ ಸೆಪ್ಟೆಂಬರ್ 24ರಂದು ಜ್ಯೋತಿಬಾ ಫುಲೆಯವರು ಪುಣೆಯಲ್ಲಿ ಸತ್ಯಶೋಧಕ ಸಮಾಜವನ್ನು ಸ್ಥಾಪಿಸಿದರು. (2) ಶೂದ್ರ ಮತ್ತು ಅತಿಶೂದ್ರ ಜನರನ್ನು ಪುರೋಹಿತರ ಹಿಡಿತದಿಂದ ಬಿಡಿಸುವುದು ಇದರ ಮುಖ್ಯ ಉದ್ದೇಶವಾಗಿತ್ತು. (3) ದೇವರು ಮತ್ತು ಮನುಷ್ಯನ ನಡುವೆ ಮಧ್ಯವರ್ತಿಯ ಅಗತ್ಯವಿಲ್ಲ ಎಂದು ಸಮಾಜ ಸಾರಿತು. (4) ಪುರೋಹಿತರಿಲ್ಲದೆ ಸರಳ ಮದುವೆಗಳನ್ನು ನಡೆಸಿತು. (5) ಇದಕ್ಕೂ ಮೊದಲು, 1848ರಲ್ಲಿ, ಫುಲೆ ಮತ್ತು ಅವರ ಪತ್ನಿ ಸಾವಿತ್ರಿಬಾಯಿ ಪುಣೆಯಲ್ಲಿ ಹೆಣ್ಣುಮಕ್ಕಳಿಗಾಗಿ ಶಾಲೆ ತೆರೆದಿದ್ದರು. (6) 'ಗುಲಾಮಗಿರಿ' ಎಂಬ ಕೃತಿಯಲ್ಲಿ ಫುಲೆ ಜಾತಿ ವ್ಯವಸ್ಥೆಯನ್ನು ಕಟುವಾಗಿ ಟೀಕಿಸಿದರು. (7) ಈ ಚಳವಳಿ ಮುಂದೆ ಮಹಾರಾಷ್ಟ್ರದ ಬ್ರಾಹ್ಮಣೇತರ ಚಳವಳಿಗೆ ದಾರಿಯಾಯಿತು.

ಪ್ರಶ್ನೆ ಬರೆಯುವ ಮುಂಚೆ ಪ್ಯಾರಾವನ್ನು ಪೆನ್ಸಿಲ್ ಹಿಡಿದು ಓದಿದೆ. ಒಂದೊಂದು ವಾಕ್ಯವೂ ಏನು ಕೆಲಸ ಮಾಡುತ್ತಿದೆ ಅಂತ ಅಂಚಿನಲ್ಲಿ ಒಂದೇ ಪದದಲ್ಲಿ ಗುರುತು ಹಾಕಿದೆ. ಮೊದಲನೆಯದು ಮಾಹಿತಿ. ಎರಡನೆಯದು ಉದ್ದೇಶ. ಮೂರನೆಯದು ನಂಬಿಕೆ, ನಾಲ್ಕನೆಯದು ಆಚರಣೆ. ಐದನೆಯದು ಹಿನ್ನೆಲೆ. ಆರು, ಕೃತಿ. ಏಳು, ಪರಿಣಾಮ. ಆಮೇಲೆ ಎರಡು ವಾಕ್ಯಗಳ ನಡುವೆ ಸಂಬಂಧ ಇದ್ದೂ ಪ್ಯಾರಾ ಅದನ್ನು ಬಾಯಿಬಿಟ್ಟು ಹೇಳದೇ ಇರುವ ಜಾಗ ಎಲ್ಲಿದೆ ಅಂತ ಹುಡುಕಿದೆ. ಮೂರರಿಂದ ನಾಲ್ಕಕ್ಕೆ ಒಂದು "ಆದ್ದರಿಂದ" ಕಾಣೆಯಾಗಿದೆ. ಎರಡನೇ ವಾಕ್ಯದ "ಹಿಡಿತ" ಅಂದರೆ ಏನು ಅಂತ ಎಲ್ಲೂ ಬಿಡಿಸಿಲ್ಲ. ಆರರಲ್ಲಿ ಜಾತಿಯ ಬಗ್ಗೆ ಬರೆದ ಪುಸ್ತಕಕ್ಕೆ ಗುಲಾಮಗಿರಿ ಅಂತ ಯಾಕೆ ಹೆಸರಿಟ್ಟರು ಅನ್ನುವುದು ಇಲ್ಲ. ಐದನೇ ವಾಕ್ಯದ "ಇದಕ್ಕೂ ಮೊದಲು" ಅನ್ನುವ ಎರಡು ಪದಗಳನ್ನು ಅವಸರದಲ್ಲಿ ಓದುವವರು ಖಂಡಿತ ದಾಟಿಬಿಡುತ್ತಾರೆ. ಒಳ್ಳೆಯ ಪ್ರಶ್ನೆಗಳೆಲ್ಲ ಈ ಸಂದುಗಳಲ್ಲೇ ಇರುತ್ತವೆ. ವಾಕ್ಯಗಳ ಮೇಲೆ ಕೇಳಿದರೆ ಸಿಗುವುದು ಬರೀ ನೆನಪಿನ ಪ್ರಶ್ನೆ.

ಮೊದಲ ಪ್ರಶ್ನೆಗೆ ಜಾಸ್ತಿ ಹೊತ್ತು ಬೇಕಾಗಲಿಲ್ಲ. ನೆನಪಿನ ಪ್ರಶ್ನೆ ಅಂದ ತಕ್ಷಣ ಕೈ ತಾನಾಗೇ ತಾರೀಖಿನ ಕಡೆ ಹೋಗುತ್ತದೆ. ಆದರೆ ಸೆಪ್ಟೆಂಬರ್ 24 ಅನ್ನುವ ಉತ್ತರ ಮುಂದಿನ ನಾಲ್ಕು ಪ್ರಶ್ನೆಗಳಲ್ಲಿ ಎಲ್ಲೂ ಉಪಯೋಗಕ್ಕೆ ಬರುವುದಿಲ್ಲ. ಮೇಲಿನ ಪ್ರಶ್ನೆಗಳೆಲ್ಲ ಯಾವ ವಾಕ್ಯದ ಮೇಲೆ ನಿಂತಿವೆಯೋ ಅದನ್ನೇ ಮೊದಲು ಕೇಳುವುದು ಒಳ್ಳೆಯದು. ಅದು ಎರಡನೇ ವಾಕ್ಯ.

ಪ್ರಶ್ನೆ 1: ಸತ್ಯಶೋಧಕ ಸಮಾಜದ ಮುಖ್ಯ ಉದ್ದೇಶ ಏನಾಗಿತ್ತು? (1 ಅಂಕ)

ಉತ್ತರ ಪ್ಯಾರಾದಲ್ಲೇ ಇದೆ, ನಕಲು ಮಾಡಬಹುದು. ಪರವಾಗಿಲ್ಲ. ಮೊದಲ ಮೆಟ್ಟಿಲು ಎಲ್ಲರಿಗೂ ಸಿಗಬೇಕು.

ಎರಡನೆಯದರಲ್ಲೇ ಜಾರುವುದು. "ಏಕೆ" ಅಂತ ಹಾಕಿದರೆ ಪ್ರಶ್ನೆ ಮೇಲಿನ ಹಂತಕ್ಕೆ ಏರಿತು ಅಂತ ನಮಗೆಲ್ಲ ಒಂದು ನಂಬಿಕೆ ಇದೆ. "ಸತ್ಯಶೋಧಕ ಸಮಾಜವನ್ನು ಏಕೆ ಸ್ಥಾಪಿಸಲಾಯಿತು?" ಅಂತ ಬರೆದು ನೋಡಿ. ಉತ್ತರ ಮತ್ತೆ ಎರಡನೇ ವಾಕ್ಯವೇ. ಮೊದಲ ಪ್ರಶ್ನೆಯೇ ಬಟ್ಟೆ ಬದಲಿಸಿಕೊಂಡು ಬಂದಿದೆ, ಅಷ್ಟೆ. ಇದನ್ನು ಹಿಡಿಯಲು ಒಂದು ಸುಲಭ ಪರೀಕ್ಷೆ ಇದೆ. ಪಾಠ ಅರ್ಥವಾಗದ, ಆದರೆ ಪ್ಯಾರಾದಲ್ಲಿ ಪದ ಹುಡುಕುವುದರಲ್ಲಿ ಚುರುಕಾದ ಒಬ್ಬ ಹುಡುಗನನ್ನು ಮನಸ್ಸಿನಲ್ಲಿ ಕೂರಿಸಿಕೊಳ್ಳಬೇಕು. ಪ್ರಶ್ನೆಯಲ್ಲಿರುವ ಪದವನ್ನು ಪ್ಯಾರಾದಲ್ಲಿ ಹುಡುಕಿ, ಆ ವಾಕ್ಯವನ್ನು ಎತ್ತಿ ಬರೆದು ಅವನು ಪೂರ್ತಿ ಅಂಕ ತೆಗೆದುಕೊಂಡರೆ, ಪ್ರಶ್ನೆಯಲ್ಲಿ "ಏಕೆ" ಇರಲಿ, "ವಿಶ್ಲೇಷಿಸಿ" ಇರಲಿ, ಅದು ನೆನಪಿನ ಪ್ರಶ್ನೆಯೇ. ಕ್ರಿಯಾಪದಗಳ ಪಟ್ಟಿ ಮುಂದಿಟ್ಟುಕೊಂಡು ಪ್ರಶ್ನೆಪತ್ರಿಕೆ ಮಾಡುವ ಅಭ್ಯಾಸ ಇದೆಯಲ್ಲ, ಅಲ್ಲಿ ಈ ಮೋಸ ಬೇಕಾದಷ್ಟು ನಡೆಯುತ್ತದೆ.

ಆ ಹುಡುಗನನ್ನು ನಿಲ್ಲಿಸಬೇಕಾದರೆ ಉತ್ತರ ಎರಡು ವಾಕ್ಯಗಳ ನಡುವೆ ಇರಬೇಕು. ಮೂರು ಮತ್ತು ನಾಲ್ಕರ ನಡುವಿನ ಕಾಣೆಯಾದ "ಆದ್ದರಿಂದ" ಇಲ್ಲಿ ಕೆಲಸಕ್ಕೆ ಬಂತು.

ಪ್ರಶ್ನೆ 2: ಸಮಾಜ ನಡೆಸಿದ ಮದುವೆಗಳು ಅದರ ಯಾವ ನಂಬಿಕೆಯನ್ನು ಆಚರಣೆಗೆ ತಂದವು? ಹೇಗೆ? (2 ಅಂಕ)

ನಂಬಿಕೆಯನ್ನು ಗುರುತಿಸಿದ್ದಕ್ಕೆ ಒಂದು ಅಂಕ. "ಮದುವೆ ಅಂದರೆ ದೇವರ ಮುಂದೆ ನಡೆಯುವ ಕಾರ್ಯ, ಅದನ್ನು ಪುರೋಹಿತರಿಲ್ಲದೆ ಮಾಡಿ ತೋರಿಸಿದಾಗ ಮಧ್ಯವರ್ತಿ ಬೇಡ ಅನ್ನುವ ಮಾತು ನಿಜವಾಯಿತು" ಅನ್ನುವ ಅರ್ಥದ ಯಾವುದೇ ವಾಕ್ಯಕ್ಕೆ ಇನ್ನೊಂದು. ಈ ಎರಡನೇ ವಾಕ್ಯ ಪ್ಯಾರಾದಲ್ಲಿ ಎಲ್ಲೂ ಇಲ್ಲ. ಬರೆಯುವವರೇ ಕಟ್ಟಬೇಕು. ಪ್ರಶ್ನೆಯಲ್ಲಿ "ಪುರೋಹಿತರಿಲ್ಲದ ಮದುವೆಗಳು" ಅಂತ ಬೇಕಂತಲೇ ಬರೆಯಲಿಲ್ಲ. ಬರೆದಿದ್ದರೆ ಅರ್ಧ ಉತ್ತರ ನಾನೇ ಕೊಟ್ಟ ಹಾಗಾಗುತ್ತಿತ್ತು.

ಮೂರನೆಯದು ಅನ್ವಯದ ಪ್ರಶ್ನೆ. ಗೊತ್ತಿರುವುದನ್ನು ಹೊಸ ಸಂದರ್ಭಕ್ಕೆ ಹಾಕಿ ನೋಡಬೇಕು. ಇಲ್ಲಿ ಎಲ್ಲರಿಗೂ ಮೊದಲು ಹೊಳೆಯುವುದು ಇಂದಿನ ಸನ್ನಿವೇಶ: "ನಿಮ್ಮ ಸಹಪಾಠಿಯನ್ನು ಜಾತಿಯ ಕಾರಣಕ್ಕೆ ದೂರ ಇಟ್ಟರೆ ನೀವು ಏನು ಮಾಡುತ್ತೀರಿ?" ಕೇಳಲು ಚೆನ್ನಾಗಿದೆ. ಆದರೆ ಇದಕ್ಕೆ "ಎಲ್ಲರೂ ಸಮಾನರು, ಭೇದಭಾವ ತಪ್ಪು" ಅಂತ ಹತ್ತು ಸಾಲು ಬರೆದುಬಿಡಬಹುದು. ಫುಲೆ ಹೆಸರೇ ಬರಬೇಕಾಗಿಲ್ಲ. ಹಾಗಾಗಿ ಈ ಹಂತಕ್ಕೆ ಪರೀಕ್ಷೆಯೂ ಬೇರೆ. ಪ್ಯಾರಾ ಓದದೇ ಇರುವವರು ಇದಕ್ಕೆ ಒಳ್ಳೆಯ ಉತ್ತರ ಬರೆಯಬಲ್ಲರೇ? ಬರೆಯಬಲ್ಲರು ಅಂತಾದರೆ ಅದು ಈ ಪ್ಯಾರಾದ ಪ್ರಶ್ನೆ ಅಲ್ಲ.

ಸನ್ನಿವೇಶವನ್ನು ಆ ಕಾಲಕ್ಕೇ ತೆಗೆದುಕೊಂಡು ಹೋದೆ. ಪುರೋಹಿತರನ್ನು ಕರೆಯದೆ ಮದುವೆ ಮಾಡಿದಾಗ, ವಂಶಪಾರಂಪರ್ಯವಾಗಿ ಆ ಊರಿನ ಪೌರೋಹಿತ್ಯದ ಹಕ್ಕು ಇದ್ದವರು "ಕರೆಯದಿದ್ದರೂ ದಕ್ಷಿಣೆ ನಮಗೆ ಬರಬೇಕು" ಅಂತ ಕೇಳಿದ್ದುಂಟು. ಇಂಥ ತಕರಾರುಗಳು ಆಗಿನ ಮುಂಬಯಿ ಪ್ರಾಂತ್ಯದಲ್ಲಿ ಕೋರ್ಟಿನವರೆಗೂ ಹೋಗಿದ್ದವು. ಎರಡನೇ ವಾಕ್ಯದ "ಹಿಡಿತ"ವನ್ನು ಬಿಡಿಸಲು ಇದಕ್ಕಿಂತ ಒಳ್ಳೆಯ ಸನ್ನಿವೇಶ ಸಿಗುವುದು ಕಷ್ಟ.

ಪ್ರಶ್ನೆ 3: 1880ರ ಸುಮಾರು. ಒಬ್ಬ ರೈತ ಸತ್ಯಶೋಧಕ ಪದ್ಧತಿಯಲ್ಲಿ ಮಗನ ಮದುವೆ ಮಾಡಿದ. ಊರಿನ ಪುರೋಹಿತರು ಬಂದು, "ಮದುವೆ ನಿನ್ನಿಷ್ಟದಂತೆ ಮಾಡಿಕೋ. ಆದರೆ ದಕ್ಷಿಣೆ ನಮ್ಮ ಮನೆತನದ ಹಕ್ಕು, ಅದನ್ನು ಕೊಡು" ಎಂದರು. ಸಮಾಜದ ಸದಸ್ಯನಾಗಿ ರೈತ ಏನು ಉತ್ತರ ಕೊಡಬಹುದು? ಸಮಾಜದ ಉದ್ದೇಶ ಮತ್ತು ನಂಬಿಕೆ ಎರಡನ್ನೂ ಬಳಸಿ ಬರೆಯಿರಿ. (3 ಅಂಕ)

ನಂಬಿಕೆಯ ಕಡೆಯಿಂದ ಒಂದು ಅಂಕ: ಮಧ್ಯವರ್ತಿಯ ಕೆಲಸವೇ ನಡೆದಿಲ್ಲ, ಹಾಗಿದ್ದ ಮೇಲೆ ಯಾವುದಕ್ಕೆ ದಕ್ಷಿಣೆ? ಉದ್ದೇಶದ ಕಡೆಯಿಂದ ಒಂದು: ಬಿಡುಗಡೆ ಆಗಬೇಕಾಗಿದ್ದು ಈ ಹಿಡಿತದಿಂದಲೇ. ಮೂರನೇ ಅಂಕ, ಹಿಡಿತ ಬರೀ ಮಂತ್ರದ್ದಲ್ಲ, ದುಡ್ಡಿನದ್ದೂ ಹುಟ್ಟಿನಿಂದ ಬಂದ ಹಕ್ಕಿನದ್ದೂ ಹೌದು ಅಂತ ಕಂಡುಕೊಂಡವರಿಗೆ. ಎಲ್ಲರಿಗೂ ಮೂರು ಸಿಗುವುದಿಲ್ಲ, ಸಿಗಬೇಕಾಗಿಯೂ ಇಲ್ಲ.

ನಾಲ್ಕನೆಯದಕ್ಕೆ ಬಂದಾಗ ಪ್ಯಾರಾ ಒಂದೇ ಸಾಕಾಗಲಿಲ್ಲ. ವಿಶ್ಲೇಷಣೆ ಅಂದರೆ ಒಂದನ್ನು ಭಾಗ ಮಾಡಿ ನೋಡುವುದು. ಭಾಗ ಮಾಡಲು ಆರನೇ ವಾಕ್ಯದಲ್ಲಿ ಬರೀ ಒಂದು ಪುಸ್ತಕದ ಹೆಸರಿದೆ. ಹಾಗಂತ "ಗುಲಾಮಗಿರಿ ಕೃತಿಯನ್ನು ವಿಶ್ಲೇಷಿಸಿ" ಅಂತ ಕೇಳಿದರೆ, ಮನೆಯಲ್ಲಿ ಬೇರೆ ಪುಸ್ತಕ ಓದಿದವರಿಗೆ ಮಾತ್ರ ಉತ್ತರ ಗೊತ್ತಿರುತ್ತದೆ. ಅದು ಕಷ್ಟದ ಪ್ರಶ್ನೆ ಅಲ್ಲ, ಅನ್ಯಾಯದ ಪ್ರಶ್ನೆ. ಕಷ್ಟ ಏರಬೇಕಾಗಿರುವುದು ಯೋಚನೆಯಲ್ಲಿ. ಮಾಹಿತಿ ಬೇಕಾದರೆ ಪ್ರಶ್ನೆಯ ಜೊತೆಗೇ ಕೊಟ್ಟುಬಿಡಬೇಕು.

'ಗುಲಾಮಗಿರಿ' ಪ್ರಕಟವಾದದ್ದು 1873ರಲ್ಲೇ, ಸಮಾಜ ಹುಟ್ಟಿದ ವರ್ಷವೇ. ಫುಲೆ ಅದನ್ನು ಅರ್ಪಿಸಿದ್ದು ಅಮೆರಿಕದ ಜನರಿಗೆ. ಕರಿಯ ಜನರನ್ನು ಗುಲಾಮಗಿರಿಯಿಂದ ಬಿಡಿಸಲು ಅವರು ತೋರಿದ ತ್ಯಾಗವನ್ನು ಮೆಚ್ಚಿ. ಅಮೆರಿಕದ ಸಂವಿಧಾನಕ್ಕೆ 13ನೇ ತಿದ್ದುಪಡಿ ಬಂದು ಗುಲಾಮಗಿರಿ ರದ್ದಾಗಿದ್ದು 1865ರಲ್ಲಿ. ಅಂದರೆ ಆಗಿನ್ನೂ ಎಂಟು ವರ್ಷ ಹಳೆಯ ಸುದ್ದಿ. ಪುಣೆಯಲ್ಲಿ ಕೂತು ಜಾತಿಯ ಬಗ್ಗೆ ಬರೆಯುತ್ತಿರುವ ಒಬ್ಬರು ಅಷ್ಟು ದೂರದ ದೇಶದ ಕಡೆ ಕೈ ತೋರಿಸುತ್ತಿದ್ದಾರೆ. ಪಠ್ಯದಲ್ಲಿ ಈ ಒಂದು ಸಾಲು ಇದ್ದಿದ್ದರೆ ಇಡೀ ಪ್ಯಾರಾದ ಬಣ್ಣವೇ ಬೇರೆ ಇರುತ್ತಿತ್ತು ಅಂತ ನನಗನಿಸುತ್ತದೆ.

ಇದನ್ನಿಟ್ಟುಕೊಂಡು "ಫುಲೆ ಹೀಗೇಕೆ ಅರ್ಪಿಸಿದರು?" ಅಂತ ಮಾತ್ರ ಕೇಳಬಹುದಿತ್ತು. ಬಿಡಿ ಉತ್ತರ ಬರುತ್ತದೆ: "ಎರಡೂ ಒಂದೇ ಥರ ಇದ್ದವು, ಅದಕ್ಕೆ." ಇಷ್ಟಕ್ಕೆ ನಾಲ್ಕು ಅಂಕ ಹೇಗೆ ಕೊಡುವುದು? ಹೋಲಿಕೆಯ ಪ್ರಶ್ನೆಗೆ ಎರಡು ಕೊನೆ ಇರಬೇಕು. ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ. ಹೊಂದದ ಜಾಗದಲ್ಲೇ ಯೋಚನೆ ಶುರುವಾಗುವುದು.

ಪ್ರಶ್ನೆ 4: ಮಾಹಿತಿ: 'ಗುಲಾಮಗಿರಿ' 1873ರಲ್ಲಿ ಪ್ರಕಟವಾಯಿತು. ಗುಲಾಮಗಿರಿಯನ್ನು ಕೊನೆಗೊಳಿಸಲು ದುಡಿದ ಅಮೆರಿಕದ ಜನರಿಗೆ ಫುಲೆ ಅದನ್ನು ಅರ್ಪಿಸಿದರು. ಅಮೆರಿಕದಲ್ಲಿ ಗುಲಾಮರನ್ನು ಆಸ್ತಿಯಂತೆ ಮಾರಲು, ಕೊಳ್ಳಲು ಕಾನೂನೇ ಅವಕಾಶ ಕೊಟ್ಟಿತ್ತು. ಹಲವು ರಾಜ್ಯಗಳಲ್ಲಿ ಅವರಿಗೆ ಓದು ಕಲಿಸುವುದು ಅಪರಾಧವಾಗಿತ್ತು. 1865ರಲ್ಲಿ ಕಾನೂನಿನ ಮೂಲಕವೇ ಗುಲಾಮಗಿರಿಯನ್ನು ರದ್ದುಪಡಿಸಲಾಯಿತು.
ಫುಲೆ ಯಾವ ಎರಡು ಸ್ಥಿತಿಗಳನ್ನು ಹೋಲಿಸುತ್ತಿದ್ದಾರೆ? ಹೋಲಿಕೆ ಯಾವುದರಲ್ಲಿ ಹೊಂದುತ್ತದೆ, ಯಾವುದರಲ್ಲಿ ಹೊಂದುವುದಿಲ್ಲ? ಹೊಂದದಿರುವ ಅಂಶಕ್ಕೂ ಸಮಾಜ ಆರಿಸಿಕೊಂಡ ದಾರಿಗೂ ಏನು ಸಂಬಂಧ? (4 ಅಂಕ)

ಇದರ ಉತ್ತರವನ್ನು ನಾನೇ ಪೂರ್ತಿ ಬರೆದು ನೋಡಿದೆ. ಬರೆಯದೆ ಯಾವ ಪ್ರಶ್ನೆಯನ್ನೂ ನಂಬಬಾರದು. ಹೊಂದುವುದು: ಎರಡೂ ಕಡೆ ಹುಟ್ಟಿನಿಂದಲೇ ಸ್ಥಾನ ತೀರ್ಮಾನವಾಗುತ್ತದೆ, ಎರಡೂ ಕಡೆ ಓದನ್ನು ದೂರ ಇಡಲಾಗುತ್ತದೆ. ಹೊಂದದಿರುವುದು: ಅಲ್ಲಿ ಕಟ್ಟಿಹಾಕಿದ್ದು ಕಾನೂನು. ಇಲ್ಲಿ ಕಟ್ಟಿಹಾಕಿದ್ದು ಜಾಸ್ತಿ ಮಟ್ಟಿಗೆ ನಂಬಿಕೆ ಮತ್ತು ರೂಢಿ. ಅಲ್ಲಿ ಕಾನೂನು ಬದಲಾದಾಗ ಬೇಡಿ ಕಳಚಿತು, ಕನಿಷ್ಠ ಕಾಗದದ ಮೇಲೆ. ಇಲ್ಲಿ ಒಂದು ಕಾನೂನು ಬಂದ ಮಾತ್ರಕ್ಕೆ ಜನ ಪುರೋಹಿತರನ್ನು ಕರೆಯುವುದು ನಿಲ್ಲಿಸುವುದಿಲ್ಲ. ಹಾಗಾಗಿ ಸಮಾಜ ಹಿಡಿದದ್ದು ಜನರ ಆಚರಣೆಯನ್ನೇ ಬದಲಿಸುವ ದಾರಿ. ನಾಲ್ಕನೇ ವಾಕ್ಯದ ಮದುವೆಗಳು ಈಗ ಇನ್ನೊಂದು ಬೆಳಕಿನಲ್ಲಿ ಕಾಣುತ್ತವೆ. ಹೋಲಿಸಿದ ಸ್ಥಿತಿಗಳಿಗೆ, ಹೊಂದುವುದಕ್ಕೆ, ಹೊಂದದಿರುವುದಕ್ಕೆ, ದಾರಿಯ ಸಂಬಂಧಕ್ಕೆ ತಲಾ ಒಂದು ಅಂಕ.

ಒಬ್ಬ ಸಹೋದ್ಯೋಗಿಗೆ ತೋರಿಸಿದಾಗ ಅವರು ಕೇಳಿದ್ದು: "ಮೇಡಂ, ಮೂರು ಪ್ರಶ್ನೆ ಒಂದರೊಳಗೆ ತುರುಕಿದ್ದೀರಲ್ಲ, ಇದು ಕಷ್ಟವೋ, ಉದ್ದವೋ?" ಸರಿಯಾದ ಮಾತು. ಉದ್ದ ಬೇರೆ, ಕಷ್ಟ ಬೇರೆ. ಆದರೆ ಇಲ್ಲಿ ಮೂರೂ ಒಂದರ ಹೆಗಲ ಮೇಲೆ ಒಂದು ನಿಂತಿವೆ. ಕೊನೆಯದನ್ನು ಉತ್ತರಿಸಲು ಮೊದಲಿನ ಎರಡು ಬೇಕೇ ಬೇಕು. ಬಿಡಿಸಿ ಕೇಳಿದರೆ ಹುಡುಗರು ಕೊನೆಯದನ್ನು ತೇಲಿಸಿಬಿಡುತ್ತಾರೆ. ಹಾಗಾಗಿ ಹಾಗೇ ಬಿಟ್ಟೆ. ವಾಕ್ಯಗಳನ್ನು ಮಾತ್ರ ಇನ್ನಷ್ಟು ಚಿಕ್ಕದು ಮಾಡಿದೆ. ಪ್ರಶ್ನೆಯ ಭಾಷೆ ಕಠಿಣವಾದರೆ ನಾವು ಅಳೆಯುವುದು ಭಾಷೆಯನ್ನು, ಇತಿಹಾಸವನ್ನಲ್ಲ.

ಐದನೆಯದು ತೀರ್ಪಿನ ಪ್ರಶ್ನೆ. ಇಲ್ಲಿ ದೊಡ್ಡ ಅಪಾಯ ಅಂದರೆ "ಸತ್ಯಶೋಧಕ ಸಮಾಜದ ಕೊಡುಗೆಯನ್ನು ಮೌಲ್ಯಮಾಪನ ಮಾಡಿ" ಅನ್ನುವ ಪ್ರಶ್ನೆ. ಬರುವುದು ಹೊಗಳಿಕೆ ಮಾತ್ರ. ಯಾರೂ ಉತ್ತರಪತ್ರಿಕೆಯಲ್ಲಿ ಫುಲೆಯವರ ಕೊಡುಗೆ ಸಾಲದು ಅಂತ ಬರೆಯುವುದಿಲ್ಲ ಅಲ್ವಾ? ತೀರ್ಪು ಕೇಳಬೇಕಾದರೆ ಎರಡೂ ಕಡೆ ಸಾಕ್ಷಿ ಇರುವ ಒಂದು ಹೇಳಿಕೆ ಬೇಕು. ಅರ್ಧ ನಿಜ, ಅರ್ಧ ಅಲ್ಲ ಅನ್ನುವಂಥದ್ದು.

ಪ್ಯಾರಾ ನೋಡಿದರೆ ಸಮಾಜದ ಕೆಲಸ ಬಹುಪಾಲು ಧರ್ಮದ ಸುತ್ತಲೇ ಇದೆ. ಶಾಲೆ ಒಂದಿದೆ, ಆದರೆ ಅದು 1848ರದ್ದು, ಸಮಾಜಕ್ಕಿಂತ 25 ವರ್ಷ ಹಿಂದಿನದು. ಅದನ್ನು ಸಮಾಜದ ಸಾಧನೆಯ ಲೆಕ್ಕಕ್ಕೆ ಹಾಕಬಹುದೇ? "ಇದಕ್ಕೂ ಮೊದಲು" ಅನ್ನುವ ಎರಡು ಪದ ಇಲ್ಲಿ ತೂಕಕ್ಕೆ ಬರುತ್ತವೆ. ಇನ್ನೊಂದು ತಟ್ಟೆಗೆ ಹಾಕಲು ಒಂದು ಹೊಸ ಸಾಕ್ಷಿ ತಂದೆ. 1882ರಲ್ಲಿ ಹಂಟರ್ ಶಿಕ್ಷಣ ಆಯೋಗದ ಮುಂದೆ ಫುಲೆ ಹೇಳಿಕೆ ಕೊಟ್ಟರು. ಸರ್ಕಾರದ ಆದಾಯದ ದೊಡ್ಡ ಭಾಗ ಬರುವುದು ರೈತನ ದುಡಿಮೆಯಿಂದ, ಆದರೆ ಶಿಕ್ಷಣದ ಲಾಭ ಮೇಲಿನ ವರ್ಗಗಳಿಗೆ ಹೋಗುತ್ತಿದೆ ಅನ್ನುವುದು ಅವರ ದೂರು. ಕನಿಷ್ಠ 12 ವರ್ಷದವರೆಗೆ ಪ್ರಾಥಮಿಕ ಶಿಕ್ಷಣ ಕಡ್ಡಾಯವಾಗಲಿ ಅಂತ ಕೇಳಿದರು.

ಪ್ರಶ್ನೆ 5: ಮಾಹಿತಿ: 1882ರಲ್ಲಿ ಫುಲೆ ಹಂಟರ್ ಆಯೋಗದ ಮುಂದೆ, ರೈತರ ದುಡಿಮೆಯ ಹಣ ಮೇಲ್ವರ್ಗದವರ ಶಿಕ್ಷಣಕ್ಕೆ ಹೋಗುತ್ತಿದೆ ಎಂದು ದೂರಿದರು. 12 ವರ್ಷದವರೆಗೆ ಪ್ರಾಥಮಿಕ ಶಿಕ್ಷಣ ಕಡ್ಡಾಯ ಮಾಡಬೇಕೆಂದು ಕೇಳಿದರು.
"ಸತ್ಯಶೋಧಕ ಸಮಾಜ ಒಂದು ಧಾರ್ಮಿಕ ಸುಧಾರಣಾ ಚಳವಳಿ, ಅಷ್ಟೇ." ಈ ಮಾತನ್ನು ಎಷ್ಟರ ಮಟ್ಟಿಗೆ ಒಪ್ಪುತ್ತೀರಿ? ನಿಮ್ಮ ನಿಲುವಿಗೆ ವಿರುದ್ಧವಾದ ಒಂದು ಸಾಕ್ಷಿಯನ್ನೂ ಬರೆದು, ಅದಕ್ಕೆ ಉತ್ತರ ಕೊಡಿ. (5 ಅಂಕ)

ಅಂಕ ಕೊಡುವಾಗ ನಿಲುವಿಗೆ ಏನೂ ಇಲ್ಲ. ಒಪ್ಪಿದರೂ ಸರಿ, ಒಪ್ಪದಿದ್ದರೂ ಸರಿ. ನಿಲುವನ್ನು ಹೊರುವ ಎರಡು ಸಾಕ್ಷಿಗಳಿಗೆ ಎರಡು ಅಂಕ. ವಿರುದ್ಧ ಸಾಕ್ಷಿಗೆ ಒಂದು. ಅದಕ್ಕೆ ಕೊಟ್ಟ ಉತ್ತರಕ್ಕೆ ಒಂದು. ಉಳಿದ ಒಂದು ಅಂಕ, ಸಾಕ್ಷಿಯನ್ನು ಎಚ್ಚರದಿಂದ ಬಳಸಿದವರಿಗೆ. ಶಾಲೆ ಸಮಾಜಕ್ಕಿಂತ ಮುಂಚಿನದು, ಹಂಟರ್ ಆಯೋಗದ ಹೇಳಿಕೆ ಫುಲೆಯವರದ್ದು, ಇಡೀ ಸಮಾಜದ ಠರಾವು ಅಲ್ಲ. ಇವೆರಡರಲ್ಲಿ ಒಂದನ್ನಾದರೂ ಗಮನಿಸಿದರೆ ಆ ಅಂಕ ಸಿಗುತ್ತದೆ. "ಫುಲೆ ಮಾಡಿದ್ದೆಲ್ಲ ಸಮಾಜ ಮಾಡಿದ ಹಾಗೆ" ಅಂತ ಬರೆದವರಿಗೆ ಇಲ್ಲ. ಹಾಗೆ ಬರೆಯದೆ, ಒಬ್ಬ ವ್ಯಕ್ತಿಯ ಬದುಕನ್ನೂ ಒಂದು ಸಂಸ್ಥೆಯ ಕೆಲಸವನ್ನೂ ಹೇಗೆ ಬೇರೆ ಮಾಡುವುದು ಅಂತ ವಾದ ಮಾಡಿದವರು ಇನ್ನೂ ಚೆನ್ನಾಗಿ ಓದಿದ್ದಾರೆ. ಮೂರನೇ ಪ್ರಶ್ನೆಯ ದಕ್ಷಿಣೆಯನ್ನು ಇಲ್ಲಿಗೆ ತಂದು "ಧರ್ಮದ ಪ್ರಶ್ನೆಯೊಳಗೇ ದುಡ್ಡಿನ ಪ್ರಶ್ನೆ ಇತ್ತು" ಅಂತ ಬರೆದರೆ ಅದೂ ಗಟ್ಟಿ ಸಾಕ್ಷಿ.

ಐದನ್ನೂ ಒಟ್ಟಿಗೆ ಇಟ್ಟ ಮೇಲೆ ಕೊನೆಯ ತಪಾಸಣೆ, ಸೋರಿಕೆ. ಮೇಲಿನ ಪ್ರಶ್ನೆಯ ಮಾತು ಕೆಳಗಿನ ಪ್ರಶ್ನೆಗೆ ಉತ್ತರ ಹೇಳಿಕೊಡುತ್ತಿದೆಯೇ ಅಂತ ಹಿಂದಿನಿಂದ ಮುಂದಕ್ಕೆ ಓದಬೇಕು. ಮೂರನೆಯದರ ಕರಡಿನಲ್ಲಿ "ಮಧ್ಯವರ್ತಿ ಬೇಡ ಎಂಬ ನಂಬಿಕೆಯನ್ನು ಬಳಸಿ" ಅಂತ ಇತ್ತು. ಎರಡನೆಯದರ ಉತ್ತರ ಅದೇ! ಅದಕ್ಕೇ ಅದು "ಉದ್ದೇಶ ಮತ್ತು ನಂಬಿಕೆ ಎರಡನ್ನೂ ಬಳಸಿ" ಅಂತ ಆಯಿತು. ಐದನೆಯದರ "ಧಾರ್ಮಿಕ ಸುಧಾರಣಾ" ಅನ್ನುವ ಪದಗಳಿಂದ ಮೊದಲನೆಯದಕ್ಕೆ ಸ್ವಲ್ಪ ಸುಳಿವು ಸಿಗುತ್ತದೆ. ಒಂದು ಅಂಕದ ಪ್ರಶ್ನೆ, ಪ್ಯಾರಾ ಎದುರಿಗೇ ಇರುತ್ತದೆ, ಹಾಗಾಗಿ ಬಿಟ್ಟೆ.

ಮೆಟ್ಟಿಲು ನಿಜವಾಗಿ ಏರಿದೆಯೇ ಅನ್ನುವುದು ಉತ್ತರಪತ್ರಿಕೆ ಕೈಗೆ ಬಂದ ಮೇಲೆ ಗೊತ್ತಾಗುತ್ತದೆ. ನಾಲ್ಕನೆಯದನ್ನು ಚೆನ್ನಾಗಿ ಬರೆದವರಲ್ಲಿ ಹಲವರು ಎರಡನೆಯದರಲ್ಲಿ ಎಡವಿದ್ದರೆ, ದೋಷ ಎರಡನೆಯದರ ಮಾತಿನಲ್ಲಿದೆ. ಪ್ರಶ್ನೆ ಅವರಿಗೆ ಅರ್ಥವಾಗಿಲ್ಲ. ಎಲ್ಲರ ಮೂರನೇ ಉತ್ತರವೂ ಎರಡನೆಯದರ ನಕಲಿನ ಹಾಗಿದ್ದರೆ, ಸನ್ನಿವೇಶ ಹೊಸದನ್ನೇನೂ ಕೇಳಿಲ್ಲ ಅಂತ ಅರ್ಥ. ಐದರಲ್ಲಿ ಎಲ್ಲರೂ ಒಂದೇ ನಿಲುವು ತೆಗೆದುಕೊಂಡಿದ್ದರೆ ಹೇಳಿಕೆ ಒಂದು ಕಡೆಗೆ ವಾಲಿದೆ. ಆಗ "ಅಷ್ಟೇ" ತೆಗೆದು "ಮುಖ್ಯವಾಗಿ" ಅಂತ ಹಾಕಿ ನೋಡಬಹುದು. ಹೇಳಿಕೆ ಮೆತ್ತಗಾಗುತ್ತದೆ, ಒಪ್ಪುವವರು ಹೆಚ್ಚುತ್ತಾರೆ, ತಕ್ಕಡಿ ಸ್ವಲ್ಪ ಸಮಕ್ಕೆ ಬರುತ್ತದೆ.

ಏಳನೇ ವಾಕ್ಯ ಎಲ್ಲೂ ಬಳಕೆಯಾಗಲಿಲ್ಲ. ಬ್ರಾಹ್ಮಣೇತರ ಚಳವಳಿ ಅಂದರೆ ಕೊಲ್ಹಾಪುರದ ಶಾಹು ಮಹಾರಾಜರ ಕಾಲಕ್ಕೆ ಬರಬೇಕು. ಅದಕ್ಕೆ ಬೇಕಾದ ಮಾಹಿತಿ ಕೊಡಲು ಹೊರಟರೆ ಪ್ರಶ್ನೆಗಿಂತ ಪೀಠಿಕೆಯೇ ಉದ್ದವಾಗುತ್ತದೆ. ಅದನ್ನು ಶಾಹು ಮಹಾರಾಜರ ಪಾಠದ ಪ್ರಶ್ನೆಗಳಿಗೆ ಎತ್ತಿಟ್ಟಿದ್ದೇನೆ.